ಮೂರು ಮೀಟರ್ ಮಳಿಗೆಯಲ್ಲಿ ಒಂದು ಅಡಿಕೆ ಸುಲಿಯುವ ಯಂತ್ರ

ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಹಸಿ ಅಡಿಕೆ ಸುಲಿಯುವ ಯಂತ್ರ ತಯಾರಿಸುವ ಸಣ್ಣ ಕಾರ್ಖಾನೆಯೊಂದಿದೆ. ಮಾಲೀಕರೂ ಸೇರಿ ಒಂಬತ್ತು ಮಂದಿ ಅಲ್ಲಿ ದುಡಿಯುತ್ತಾರೆ. ಅವರು ಮಾಡುವುದು ಒಂದೇ ಬಗೆಯ ಯಂತ್ರ. ಎರಡು ಮೂರು ಎಕರೆ ತೋಟವಿರುವವರು ಮನೆಯಂಗಳದಲ್ಲೇ ಇಟ್ಟುಕೊಳ್ಳಬಹುದಾದ, ಒಂದು ಎಚ್.ಪಿ. ಸಿಂಗಲ್ ಫೇಸ್ ಮೋಟಾರಿನಿಂದ ಓಡುವ ಯಂತ್ರ. ಬೆಂಗಳೂರಿನಲ್ಲಿ ನವೆಂಬರ್ ತಿಂಗಳಲ್ಲಿ ನಡೆಯಲಿದ್ದ ನಾಲ್ಕು ದಿನಗಳ ಕೃಷಿ ಯಂತ್ರೋಪಕರಣ ಮೇಳದಲ್ಲಿ ಅವರು ಮೊದಲ ಬಾರಿಗೆ ಮಳಿಗೆ ಕಾಯ್ದಿರಿಸಿದರು. ಮಳಿಗೆಯ ಒಳಗಿನ ಅಲಂಕಾರವನ್ನೂ ಕೈಗೆ ಕೊಡುವ ಕರಪತ್ರವನ್ನೂ ವಿನ್ಯಾಸ ಮಾಡಿಕೊಡುವ ಕೆಲಸ ನನಗೆ ಬಂತು. ಮೇಳಕ್ಕೆ ಆಗ ಆರು ವಾರ ಬಾಕಿಯಿತ್ತು.

ಮಾಲೀಕರು ಮೊದಲ ದಿನವೇ ನನ್ನ ಮುಂದೆ ತಮ್ಮ ಹಳೆಯ ಕರಪತ್ರವನ್ನಿಟ್ಟರು. ಹೊಳೆಯುವ ಕಾಗದದ ಮೇಲೆ ಯಂತ್ರದ ನಾಲ್ಕು ಚಿತ್ರಗಳು, ಅವುಗಳ ಹಿಂದೆ ತೋಟದ ಹಸಿರು, ಕೆಳಗೆ ಹನ್ನೆರಡು ಸಾಲುಗಳ ವಿಶೇಷತೆಗಳ ಪಟ್ಟಿ. ಪಟ್ಟಿಯ ಮೊದಲ ಸಾಲು "ಗಂಟೆಗೆ 150 ಕೆ.ಜಿ." ಎಂದು ಹೇಳುತ್ತಿತ್ತು. ನಾನು ಅಡಿಕೆಯ ಊರಿನವಳೇ ಆದ್ದರಿಂದ ಕೇಳಿದೆ: "ಸರ್, ಇದು ಸಿಪ್ಪೆ ಸಹಿತದ ತೂಕವೋ, ಸುಲಿದ ಅಡಿಕೆಯ ತೂಕವೋ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಿಪ್ಪೆ ಸಹಿತದ್ದೇ ಮೇಡಂ, ಎಲ್ಲರೂ ಹಾಗೇ ಬರೀತಾರೆ" ಎಂದರು. ಆ ಲೆಕ್ಕ ಬಂದ ದಾರಿಯನ್ನೂ ಮುಚ್ಚಿಡದೆ ಹೇಳಿದರು. ಒಂದೇ ಗಾತ್ರದ ಕಾಯಿಗಳನ್ನು ಆರಿಸಿ ಐದು ನಿಮಿಷ ಯಂತ್ರ ಓಡಿಸಿ, ಬಂದ ತೂಕವನ್ನು ಹನ್ನೆರಡರಿಂದ ಗುಣಿಸಿದ್ದರು. ಮೇಳದಲ್ಲಿ ಯಂತ್ರ ಎಲ್ಲರ ಕಣ್ಣೆದುರೇ ಓಡುತ್ತದೆ, ಗಡಿಯಾರ ಎಲ್ಲರ ಕೈಯಲ್ಲೂ ಇರುತ್ತದೆ. ಗೋಡೆಯ ಮೇಲೆ ಬರೆದ ಅಂಕಿಗೂ ಎದುರಿಗೆ ನಡೆಯುವುದಕ್ಕೂ ಹೊಂದಿಕೆಯಿಲ್ಲದಿದ್ದರೆ, ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ರೈತ ನಂಬುವುದಿಲ್ಲ. ಆದ್ದರಿಂದ ಬಣ್ಣ, ಅಕ್ಷರ ಯಾವುದನ್ನೂ ಮುಟ್ಟುವ ಮೊದಲು ಅಂಕಿಯನ್ನು ಸರಿಪಡಿಸಿಕೊಳ್ಳೋಣವೆಂದು ಕೇಳಿಕೊಂಡೆ. ಅವರು ಒಪ್ಪಿದರು.

ಮರುವಾರ ತೋಟದಿಂದ ಆ ದಿನವೇ ಕೊಯ್ದು ತಂದ ಕೊನೆಗಳಿಂದ ಉದುರಿಸಿದ, ಚಿಕ್ಕದು ದೊಡ್ಡದು ಎಂದು ಆರಿಸದ 50 ಕೆ.ಜಿ. ಹಸಿ ಅಡಿಕೆಯನ್ನು ತೂಗಿ ಯಂತ್ರಕ್ಕೆ ಸುರಿದೆವು. ನಡುನಡುವೆ ಮೇಲಿನ ಬುಟ್ಟಿಯನ್ನು ತುಂಬಿದ್ದು, ಒಮ್ಮೆ ಸಿಕ್ಕಿಕೊಂಡ ಕಾಯಿಯನ್ನು ಬಿಡಿಸಿದ್ದು ಎಲ್ಲವೂ ಸೇರಿ 27 ನಿಮಿಷ ಹಿಡಿಯಿತು. ಅಂದರೆ ಗಂಟೆಗೆ ಸುಮಾರು 110 ಕೆ.ಜಿ. ಸಿಪ್ಪೆ ಸಹಿತ ಕಾಯಿ. ಅನಂತರ ಸುಲಿದು ಬಂದ ರಾಶಿಯಿಂದ 500 ಅಡಿಕೆಗಳನ್ನು ಕಣ್ಣು ಮುಚ್ಚಿ ತೆಗೆದು ನೆಲದ ಮೇಲೆ ಹರಡಿ ಎಣಿಸಿದೆವು. ಪೂರ್ತಿ ಸುಲಿದು ಇಡಿಯಾಗಿ ಉಳಿದವು 446, ತುದಿಯಲ್ಲಿ ಸಿಪ್ಪೆ ಅಂಟಿಕೊಂಡವು 38, ಬ್ಲೇಡಿನ ಪೆಟ್ಟು ಬಿದ್ದವು 16. ಯಂತ್ರ ಜೋಡಿಸುವ ಹಿರಿಯ ಮೇಸ್ತ್ರಿ ಆ ಹದಿನಾರನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಹೆಚ್ಚಿನವು ತೀರ ಸಣ್ಣ ಕಾಯಿಗಳು, ಬ್ಲೇಡಿನ ಅಂತರಕ್ಕೆ ಹೊಂದದೆ ಅಡ್ಡ ತಿರುಗಿದವು ಎಂದರು. ಮಳಿಗೆಯ ವಿನ್ಯಾಸ ಏನನ್ನು ಹೇಳಬೇಕು ಎಂಬುದು ನನಗೆ ಆ ನೆಲದ ಮೇಲೆಯೇ ಸ್ಪಷ್ಟವಾಯಿತು. ಇಡೀ ಅಡಿಕೆಗೂ ಪೆಟ್ಟಾದ ಅಡಿಕೆಗೂ ಮಾರುಕಟ್ಟೆಯಲ್ಲಿ ಬೆಲೆಯ ಅಂತರವಿರುವುದರಿಂದ, ಕೊಳ್ಳುವವನ ಮನಸ್ಸಿನಲ್ಲಿರುವ ಮೊದಲ ಭಯ ವೇಗದ್ದಲ್ಲ, ಪೆಟ್ಟಿನದು. ಮೆಟ್ಟುಗತ್ತಿಯ ಮುಂದೆ ಕುಳಿತ ನುರಿತ ಕೈ ನಿಧಾನವಾದರೂ ಅಡಿಕೆಯನ್ನು ಕೆಡಿಸುವುದಿಲ್ಲ. ಯಂತ್ರ ಅದಕ್ಕೆ ಉತ್ತರ ಕೊಡಬೇಕು.

ಈಗ ಮಳಿಗೆಯ ವಿಷಯ. ಆಯೋಜಕರು ಕೊಟ್ಟದ್ದು ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ, ಒಂದೇ ಬದಿ ತೆರೆದಿರುವ ಜಾಗ. ಅಲ್ಯೂಮಿನಿಯಂ ಕಂಬಗಳ ನಡುವೆ ಒಂದೊಂದು ಮೀಟರಿನ ಬಿಳಿ ಹಲಗೆಗಳನ್ನು ಸಿಕ್ಕಿಸಿ ಎರಡೂವರೆ ಮೀಟರ್ ಎತ್ತರದ ಗೋಡೆ ಕಟ್ಟುತ್ತಾರೆ. ಮುಂದೆ ಮೇಲ್ಭಾಗದಲ್ಲಿ ಹೆಸರಿನ ಪಟ್ಟಿ, ಒಳಗೆ ಒಂದು ಮೇಜು, ಎರಡು ಕುರ್ಚಿ, ಮೂರು ದೀಪ ಮತ್ತು ಒಂದು ಐದು ಆಂಪಿಯರ್ ಪ್ಲಗ್ಗು. ಹಲಗೆಗಳಿಗೆ ಮೊಳೆ ಹೊಡೆಯುವಂತಿಲ್ಲ. ಹಾಳಾದರೆ ದಂಡ ಕಟ್ಟಬೇಕು. ಈ ವಿವರಗಳೆಲ್ಲ ಆಯೋಜಕರು ಕಳುಹಿಸುವ ಕೈಪಿಡಿಯಲ್ಲಿರುತ್ತವೆ. ಅದನ್ನು ಓದದೆ ಗೋಡೆಯ ಚಿತ್ರ ಬರೆಯಲು ಕುಳಿತರೆ ಕೊನೆಯಲ್ಲಿ ಎಲ್ಲವನ್ನೂ ಮತ್ತೆ ಮಾಡಬೇಕಾಗುತ್ತದೆ.

ನಾನು ಮನೆಯ ತಾರಸಿಯ ಮೇಲೆ ಸೀಮೆಸುಣ್ಣದಿಂದ ಮೂರು ಮೀಟರಿನ ಚೌಕ ಎಳೆದು, ಯಂತ್ರದ ಅಳತೆಗೆ ಒಂದು ರಟ್ಟಿನ ಪೆಟ್ಟಿಗೆಯನ್ನು ಅದರೊಳಗೆ ಇಟ್ಟು ನೋಡಿದೆ. ಯಂತ್ರದ ತಳ 120 ಸೆಂ.ಮೀ. ಉದ್ದ, 75 ಸೆಂ.ಮೀ. ಅಗಲ. ರೂಢಿಯಂತೆ ಮೇಜನ್ನು ಮುಂದೆ ಅಡ್ಡಲಾಗಿ ಹಾಕಿ ಯಂತ್ರವನ್ನು ಹಿಂದೆ ನಿಲ್ಲಿಸಿದರೆ ಅಂಗಡಿಯ ಗಲ್ಲಾಪೆಟ್ಟಿಗೆಯಂತೆ ಕಾಣುತ್ತದೆ, ಒಳಗೆ ಬರಲು ಜನ ಹಿಂಜರಿಯುತ್ತಾರೆ, ಯಂತ್ರವಂತೂ ನಿಂತವರ ಬೆನ್ನ ಹಿಂದೆ ಮರೆಯಾಗುತ್ತದೆ. ಆದ್ದರಿಂದ ಮೇಜನ್ನು ಹಿಂಬದಿಯ ಬಲಮೂಲೆಗೆ ಸರಿಸಿ, ಯಂತ್ರವನ್ನು ಎಡಭಾಗದಲ್ಲಿ ಮುಂದಿನ ಅಂಚಿನಿಂದ ಅರವತ್ತು ಸೆಂ.ಮೀ. ಒಳಗೆ, ಓರೆಯಾಗಿ ನಿಲ್ಲಿಸಲು ತೀರ್ಮಾನಿಸಿದೆವು. ಓರೆಯಾಗಿ ನಿಲ್ಲಿಸಿದ್ದಕ್ಕೆ ಕಾರಣವಿದೆ. ಸುಲಿದ ಅಡಿಕೆ ಬೀಳುವ ಬಾಯಿ ನಡೆದುಹೋಗುವವರ ಕಡೆಗೆ ಇರಬೇಕು. ಸಿಪ್ಪೆ ಬೀಳುವ ಬಾಯಿಯೂ ಬೆಲ್ಟಿನ ಕವಚವೂ ಗೋಡೆಯ ಕಡೆಗೆ ಇರಬೇಕು. ಮಕ್ಕಳ ಕೈ ಬೆಲ್ಟಿನ ಹತ್ತಿರ ಹೋಗಬಾರದೆಂಬುದು ಒಂದು, ಜನ ನೋಡಬೇಕಾದದ್ದು ಬೀಳುತ್ತಿರುವ ಅಡಿಕೆಯನ್ನು ಎಂಬುದು ಇನ್ನೊಂದು. ಬಲಗಡೆ ಒಂದೂಕಾಲು ಮೀಟರ್ ಅಗಲದ ದಾರಿ ಖಾಲಿ ಉಳಿಯಿತು. ಮಾಲೀಕರು ಅಲ್ಲಿ ಬಿಡಿಭಾಗಗಳ ಕಪಾಟು ಇಡೋಣವೆಂದರು. ನಾನು ಬೇಡವೆಂದು ಹಟ ಹಿಡಿದೆ. ಮೂರು ಜನ ಒಳಗೆ ನಿಂತು ಮಾತಾಡುವಷ್ಟು ನೆಲವೇ ಆ ಮಳಿಗೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ಎಂದು ನಾನು ಈಗಲೂ ನಂಬಿದ್ದೇನೆ.

ವಿದ್ಯುತ್ತಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ವಿನ್ಯಾಸಕಾರರು ಅದು ತಮ್ಮ ಕೆಲಸವಲ್ಲವೆಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಒಂದು ಎಚ್.ಪಿ. ಮೋಟಾರು ಓಡುವಾಗ ಎಳೆಯುವುದೇ ಆರು ಆಂಪಿಯರಿನ ಆಸುಪಾಸು, ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು. ಮಳಿಗೆಯೊಡನೆ ಕೊಡುವ ಪ್ಲಗ್ಗು ಇದಕ್ಕೆ ಸಾಲದು. ಹೆಚ್ಚಿನ ಸಂಪರ್ಕಕ್ಕೆ ಬೇರೆ ನಮೂನೆ ತುಂಬಿ, ಬೇರೆ ಹಣ ಕಟ್ಟಬೇಕು. ನಾವು ಕಟ್ಟಿದ್ದೆವು. ಆದರೂ ಮೇಳದ ಹಿಂದಿನ ಸಂಜೆ ಮೋಟಾರು ಚಾಲೂ ಮಾಡಿದಾಗ ನಮ್ಮ ದೀಪಗಳೊಂದಿಗೆ ಪಕ್ಕದ ಮಳಿಗೆಯ ದೀಪಗಳೂ ಆರಿದವು, ಏಕೆಂದರೆ ವೈರಿಂಗ್ ಮಾಡಿದವರು ಹೊಸ ಪ್ಲಗ್ಗನ್ನು ದೀಪಗಳ ಸಾಲಿನಿಂದಲೇ ಎಳೆದಿದ್ದರು. ರಸೀದಿ ತೋರಿಸಿ ಪ್ರತ್ಯೇಕ ಎಂ.ಸಿ.ಬಿ. ಹಾಕಿಸಿಕೊಳ್ಳುವಷ್ಟರಲ್ಲಿ ರಾತ್ರಿ ಹತ್ತಾಯಿತು. ಹಿಂದಿನ ದಿನವೇ ಯಂತ್ರವನ್ನು ಓಡಿಸಿ ನೋಡದಿದ್ದರೆ ಇದು ಮೊದಲ ದಿನ ಬೆಳಿಗ್ಗೆ ಜನರೆದುರು ನಡೆಯುತ್ತಿತ್ತು.

ಗೋಡೆಗೆ ಬರೋಣ. ಹಿಂಗೋಡೆ ಮೂರು ಮೀಟರ್ ಅಗಲವಿದ್ದರೂ ಪೂರ್ತಿ ಉಪಯೋಗಕ್ಕೆ ಬರುವುದಿಲ್ಲ. ನೆಲದಿಂದ ಒಂದು ಮೀಟರಿನವರೆಗೆ ಯಂತ್ರ, ಮೇಜು, ನಿಂತವರ ಕಾಲು ಮರೆಮಾಡುತ್ತವೆ. ಮೇಲಿನ ಮೂವತ್ತು ಸೆಂ.ಮೀ. ಭಾಗವನ್ನು ಮುಂದಿನ ಹೆಸರಿನ ಪಟ್ಟಿ ದೂರದಿಂದ ನೋಡುವವರಿಗೆ ಮುಚ್ಚುತ್ತದೆ. ಹೀಗಾಗಿ ಓದಿಸಬೇಕಾದ ಮಾತೆಲ್ಲ ನೆಲದಿಂದ 120 ಸೆಂ.ಮೀ. ಮತ್ತು 220 ಸೆಂ.ಮೀ. ನಡುವಿನ ಒಂದು ಮೀಟರ್ ಪಟ್ಟಿಯೊಳಗೆ ಇರಬೇಕು. ಮಾಲೀಕರಿಗೆ ಯಂತ್ರದ ದೊಡ್ಡ ಚಿತ್ರವನ್ನು ಗೋಡೆಯ ತುಂಬ ಹಾಕುವ ಆಸೆಯಿತ್ತು. ಯಂತ್ರವೇ ಎದುರು ನಿಂತಿರುವಾಗ ಅದರ ಚಿತ್ರವೇಕೆ ಎಂದು ನಾನು ಕೇಳಿದೆ. ಬದಲಿಗೆ ಒಂದು ಅಂಗೈಯಲ್ಲಿ ಸಿಪ್ಪೆ ಸಹಿತ ಕಾಯಿ, ಇನ್ನೊಂದು ಅಂಗೈಯಲ್ಲಿ ಸುಲಿದ ಇಡೀ ಅಡಿಕೆ ಇರುವ ಒಂದೇ ಚಿತ್ರ ತೆಗೆಸಿದೆವು. ಆ ಕೈಗಳು ಮೇಸ್ತ್ರಿಯವು. ಬೆರಳ ಸಂದಿಗಳಲ್ಲಿ ಅಡಿಕೆಯ ಕಪ್ಪು ಕಲೆಯಿತ್ತು. ಛಾಯಾಗ್ರಾಹಕರು ತೊಳೆದು ಬರಲು ಹೇಳಿದರು. ತೊಳೆದರೆ ಹೋಗುವ ಕಲೆಯಲ್ಲ ಅದು, ಹೋಗುವಂತಿದ್ದರೂ ನಾನು ತೊಳೆಯಲು ಬಿಡುತ್ತಿರಲಿಲ್ಲ. ಅಡಿಕೆ ಸುಲಿದು ಬಲ್ಲವರಿಗೆ ಆ ಬೆರಳುಗಳ ಗುರುತು ಸಿಗುತ್ತದೆ.

ಚಿತ್ರದ ಪಕ್ಕದಲ್ಲಿ ಎರಡೇ ಸಾಲು: "ಹಸಿ ಅಡಿಕೆ ಸುಲಿಯುವ ಯಂತ್ರ" ಎಂಬುದು ದೊಡ್ಡದಾಗಿ, ಅದರ ಕೆಳಗೆ "ನೂರು ಅಡಿಕೆಯಲ್ಲಿ ಪೆಟ್ಟಾಗುವುದು ಮೂರು. ಎಣಿಸಿ ನೋಡಿ" ಎಂಬುದು ಅದರ ಅರ್ಧದಷ್ಟು. ಎರಡನೆಯ ಸಾಲಿಗೆ ಮಾಲೀಕರು ಮೂರು ದಿನ ಒಪ್ಪಲಿಲ್ಲ. "ನಮ್ಮ ಯಂತ್ರದ ದೋಷವನ್ನು ನಾವೇ ಗೋಡೆ ಮೇಲೆ ಬರೆಯೋದಾ ಮೇಡಂ?" ಎಂಬ ಅವರ ಪ್ರಶ್ನೆ ಸಹಜವಾದದ್ದೇ. ಪೆಟ್ಟೇ ಬೀಳುವುದಿಲ್ಲ ಎಂದು ಬರೆದ ಮಳಿಗೆಗಳ ನಡುವೆ, ಎಷ್ಟು ಬೀಳುತ್ತದೆಂದು ಎಣಿಸಿ ಹೇಳುವ ಮಳಿಗೆಯ ಮುಂದೆ ಜನ ನಿಲ್ಲುತ್ತಾರೆ ಎಂದು ನಾನು ವಾದಿಸಿದೆ. ಕೊನೆಗೆ ಒಪ್ಪಿಸಿದವರು ಅವರ ಪತ್ನಿ. ಲೆಕ್ಕಪತ್ರ ನೋಡಿಕೊಳ್ಳುವ ಅವರು, "ಹೇಗಿದ್ರೂ ಅಲ್ಲೇ ಓಡಿಸಿ ತೋರಿಸ್ತೀರಿ ಅಲ್ವಾ, ಅಡಗಿಸೋಕೆ ಏನಿದೆ?" ಎಂದರು.

ಅಕ್ಷರದ ಗಾತ್ರವನ್ನು ಕಂಪ್ಯೂಟರಿನ ಪರದೆಯ ಮೇಲೆ ನಿರ್ಧರಿಸಲು ಹೋಗಬಾರದು. ಹತ್ತು ಅಡಿ ದೂರದಿಂದ ಸಲೀಸಾಗಿ ಓದಲು ಅಕ್ಷರ ಒಂದು ಇಂಚು ಎತ್ತರವಿರಬೇಕೆಂಬ ಲೆಕ್ಕವೊಂದು ಫಲಕ ಬರೆಯುವವರಲ್ಲಿ ರೂಢಿಯಲ್ಲಿದೆ. ಆದರೆ ಅದು ಇಂಗ್ಲಿಷಿನ ದೊಡ್ಡಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡ ಲೆಕ್ಕ. ಕನ್ನಡದಲ್ಲಿ ಒತ್ತಕ್ಷರಕ್ಕೆಂದು ಕೆಳಗೆ, ಗುಣಿತದ ಚಿಹ್ನೆಗೆಂದು ಮೇಲೆ ಜಾಗ ಬಿಡಬೇಕಾದ್ದರಿಂದ, ಫಾಂಟಿನ ಗಾತ್ರ ಎಷ್ಟೇ ಇದ್ದರೂ ಅಕ್ಷರದ ಮೈ ಅದರ ಅರ್ಧದಷ್ಟೇ ಆಗಿರುತ್ತದೆ. "ಯಂತ್ರ"ದಲ್ಲಿನ ರ ಒತ್ತು ಇನ್ನೂ ಸಣ್ಣದು. ಅದು ಮಸುಕಾದರೆ ಪದವೇ ಮಸುಕಾಗುತ್ತದೆ. ನಾನು ಅಳೆದದ್ದು ಒತ್ತು, ಕೊಂಬುಗಳನ್ನು ಬಿಟ್ಟ ಅಕ್ಷರದ ಮೈಯನ್ನು ಮಾತ್ರ. ಮೊದಲ ಸಾಲನ್ನು ಎ4 ಹಾಳೆಗಳಲ್ಲಿ ತುಂಡುತುಂಡಾಗಿ ಮುದ್ರಿಸಿ ಗೋಡೆಗೆ ಅಂಟಿಸಿ, ಆರು ಮೀಟರ್ ದೂರದಲ್ಲಿ ಅಡ್ಡಲಾಗಿ, ಎಲ್ಲಿಯೂ ನಿಲ್ಲದೆ ನಡೆಯುತ್ತ ಓದಿ ನೋಡಿದೆ. ಎಂಟು ಸೆಂ.ಮೀ. ಮೈಯ ಅಕ್ಷರ ನಿಂತು ನೋಡಿದರೆ ಚೆನ್ನಾಗಿ ಕಾಣುತ್ತಿತ್ತು, ನಡೆಯುವಾಗ ತಪ್ಪಿಹೋಗುತ್ತಿತ್ತು. ಹನ್ನೆರಡಕ್ಕೆ ಏರಿಸಿದಾಗ ಕಣ್ಣು ತಾನಾಗಿ ಓದಿತು. ಹನ್ನೆರಡು ಸೆಂ.ಮೀ. ಅಕ್ಷರದಲ್ಲಿ ಆ ಸಾಲು ಎರಡಾಗಿ ಮುರಿಯಬೇಕಾಯಿತು. ಚಿತ್ರವನ್ನು ಸ್ವಲ್ಪ ಕಿರಿದಾಗಿಸಿ ಜಾಗ ಮಾಡಿಕೊಂಡೆ.

ಗೋಡೆಗೆ ಫ್ಲೆಕ್ಸ್ ಹಾಕುವುದು ಎಲ್ಲಕ್ಕಿಂತ ಅಗ್ಗ. ಆದರೆ ಮೂರು ಮೀಟರ್ ಫ್ಲೆಕ್ಸನ್ನು ಎಷ್ಟೇ ಎಳೆದು ಕಟ್ಟಿದರೂ ಸುಕ್ಕು ಉಳಿಯುತ್ತದೆ, ಮೇಲಿನ ದೀಪದ ಬೆಳಕು ಅದರ ಮೇಲೆ ಹೊಳೆದು ಅಕ್ಷರವನ್ನು ನುಂಗುತ್ತದೆ. ಒಂದೊಂದು ಹಲಗೆಗೆ ಬೇರೆಬೇರೆಯಾಗಿ ಅಂಟಿಸಿದರೆ ನಡುವೆ ಅಲ್ಯೂಮಿನಿಯಂ ಕಂಬಗಳು ಎದ್ದು ಕಾಣುತ್ತವೆ. ನಾವು ಐದು ಮಿಲಿಮೀಟರ್ ಸನ್‌ಬೋರ್ಡಿನ ಮೇಲೆ ಹೊಳಪಿಲ್ಲದ ಲ್ಯಾಮಿನೇಶನ್ ಮಾಡಿದ ವಿನೈಲ್ ಅಂಟಿಸಿ, ಮೂರು ತುಂಡುಗಳನ್ನಾಗಿ ಮಾಡಿಸಿ, ಎರಡು ಬದಿ ಅಂಟುವ ಟೇಪಿನಿಂದ ಕಂಬಗಳ ಮೇಲೆಯೇ ಕೂರಿಸಿದೆವು. ತುಂಡುಗಳು ಸೇರುವ ಕಡೆ ಯಾವ ಅಕ್ಷರವೂ ಬರದಂತೆ ಎರಡೂ ಬದಿ ಐದು ಸೆಂ.ಮೀ. ಖಾಲಿ ಬಿಟ್ಟಿದ್ದೆ. ಬೋರ್ಡನ್ನು ಬಸ್ಸಿನ ಮೇಲೆ ಕಟ್ಟಿ ತರುವಾಗ ಮೂಲೆಗಳು ಜಜ್ಜಿಹೋಗುತ್ತವೆಂದು ಬೆಂಗಳೂರಿನಲ್ಲೇ ಮುದ್ರಿಸಿದೆವು.

ಕರಪತ್ರದ ಮೇಲೆ ನಾನು ಗೋಡೆಗಿಂತ ಹೆಚ್ಚು ದಿನ ಕಳೆದೆ. ಮೇಳದಲ್ಲಿ ಯಂತ್ರ ನೋಡಿದವರು ಅಲ್ಲಿಯೇ ಕೊಳ್ಳುವುದಿಲ್ಲ. ಊರಿಗೆ ಹೋಗಿ, ಮನೆಯವರೊಡನೆ ಮಾತಾಡಿ, ಪಕ್ಕದ ತೋಟದವರನ್ನು ವಿಚಾರಿಸಿ, ಆಮೇಲೆ ಫೋನು ಮಾಡುತ್ತಾರೆ. ಅಷ್ಟು ದಿನ ಆ ಕಾಗದ ಅವರ ಬಳಿ ಉಳಿದಿರಬೇಕು. ಮೂರು ಮಡಿಕೆಯ ಎ4 ಕರಪತ್ರ ನೋಡಲು ಚೆಂದ, ಆದರೆ ಮಡಿಸಿದ ಮೇಲೂ ಅದರ ಉದ್ದ 21 ಸೆಂ.ಮೀ.; ಅಂಗಿಯ ಜೇಬಿನಲ್ಲಿ ನಿಲ್ಲದೆ ಕೈಚೀಲ ಸೇರುತ್ತದೆ, ಕೈಚೀಲದಲ್ಲಿ ಅದರಂಥವು ಇನ್ನೂ ನಲವತ್ತು ಇರುತ್ತವೆ. ಎ5 ಹಾಳೆಯನ್ನು ನಡುವೆ ಒಮ್ಮೆ ಮಡಿಸಿದರೆ ಹತ್ತೂವರೆ ಸೆಂ.ಮೀ. ಅಗಲದ, ನಾಲ್ಕು ಪುಟಗಳ ಪುಟ್ಟ ಪುಸ್ತಿಕೆಯಾಗುತ್ತದೆ. ಅದು ಎದೆಯ ಜೇಬಿನಲ್ಲಿ ಕೂರುತ್ತದೆ. ನಾನು ಮಾಲೀಕರ ಅಂಗಿಯ ಜೇಬಿನಲ್ಲಿಯೇ ಬಿಳಿ ಹಾಳೆ ಮಡಿಸಿ ಇಟ್ಟು ನೋಡಿ ಆ ಅಳತೆಯನ್ನು ಗೊತ್ತುಮಾಡಿದೆ.

ಕಾಗದದ ಆಯ್ಕೆಯಲ್ಲಿ ನಮ್ಮಿಬ್ಬರ ನಡುವೆ ಮತ್ತೊಂದು ಚರ್ಚೆ ನಡೆಯಿತು. ಅವರಿಗೆ ಹೊಳೆಯುವ ಆರ್ಟ್ ಪೇಪರ್ ಬೇಕಿತ್ತು. ಅದರ ಮೇಲೆ ಬಾಲ್‌ಪೆನ್ನಿನಿಂದ ಬರೆದರೆ ಶಾಯಿ ಜಾರುತ್ತದೆ, ಬೆರಳು ತಾಗಿದರೆ ಹರಡುತ್ತದೆ. ಮೇಳದಲ್ಲಿ ಮಾಲೀಕರು ಮಾಡುವ ಮುಖ್ಯ ಕೆಲಸವೇ ಬರೆದುಕೊಡುವುದು. ಸಾಗಣೆ ಸೇರಿ ಎಷ್ಟಾಗುತ್ತದೆ, ಯಾವ ತಿಂಗಳಲ್ಲಿ ಸಿಗುತ್ತದೆ, ಆ ರೈತನ ಊರಿನ ಹತ್ತಿರ ಯಂತ್ರ ಕೊಂಡವರು ಯಾರಿದ್ದಾರೆ ಎಂಬುದನ್ನೆಲ್ಲ. ಆದ್ದರಿಂದ ಹೊಳಪಿಲ್ಲದ 120 ಜಿ.ಎಸ್.ಎಂ. ಮ್ಯಾಪ್‌ಲಿತೋ ಕಾಗದ ಆರಿಸಿ, ಕೊನೆಯ ಪುಟದ ಅರ್ಧವನ್ನು ಬರೆಯಲು ಗೆರೆ ಹಾಕಿ ಖಾಲಿ ಬಿಟ್ಟೆ. ಮ್ಯಾಪ್‌ಲಿತೋಗೆ ಒಂದು ದೋಷವಿದೆ. ಕಾಗದ ಶಾಯಿ ಹೀರಿಕೊಳ್ಳುವುದರಿಂದ ಚಿತ್ರಗಳು ಪರದೆಯಲ್ಲಿ ಕಂಡದ್ದಕ್ಕಿಂತ ಕಪ್ಪಾಗಿ ಬರುತ್ತವೆ, ಬಣ್ಣದ ಮೇಲೆ ಬಿಳಿಯಾಗಿ ಬಿಟ್ಟ ಸಣ್ಣ ಅಕ್ಷರಗಳು ಮುಚ್ಚಿಹೋಗುತ್ತವೆ. ಚಿತ್ರದ ನೆರಳಿನ ಭಾಗಗಳನ್ನು ಮೊದಲೇ ತಿಳಿಗೊಳಿಸಿದೆ. ಬಿಳಿ ಅಕ್ಷರವನ್ನು ಮುಖಪುಟದ ದೊಡ್ಡ ಸಾಲಿನಲ್ಲಿ ಮಾತ್ರ ಬಳಸಿದೆ. ಉಳಿದ ಪಠ್ಯವನ್ನೆಲ್ಲ ನಾಲ್ಕು ಬಣ್ಣ ಬೆರೆಸಿದ ಕಪ್ಪಿನಲ್ಲಿ ಬಿಡದೆ ಶುದ್ಧ ಕಪ್ಪೊಂದರಲ್ಲೇ ಇಟ್ಟೆ. ಬೆರೆಸಿದ ಕಪ್ಪಿನಲ್ಲಿ ಬಣ್ಣಗಳು ಕೂದಲೆಳೆಯಷ್ಟು ಸರಿದರೂ ಕನ್ನಡದ ಒತ್ತಿನ ಸಣ್ಣ ಸುರುಳಿಗಳು ಎರಡೆರಡಾಗಿ ಕಾಣುತ್ತವೆ.

ಒಳಪುಟಗಳಲ್ಲಿ ಹನ್ನೆರಡು ವಿಶೇಷತೆಗಳ ಪಟ್ಟಿಯನ್ನು ತೆಗೆದು, ಕಾರ್ಖಾನೆಗೆ ಫೋನು ಮಾಡುವವರು ಕೇಳುವ ಪ್ರಶ್ನೆಗಳನ್ನೇ ಇಟ್ಟೆವು. ಮಾಲೀಕರ ಪತ್ನಿ ಒಂದು ವಾರ ಫೋನಿನ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಅವುಗಳನ್ನು ಬರೆದುಕೊಂಡಿದ್ದರು. ಗಂಟೆಗೆ ಎಷ್ಟು, ಪೆಟ್ಟು ಎಷ್ಟು, ಮನೆಯ ಕರೆಂಟಿನಲ್ಲಿ ಓಡುತ್ತದೆಯೇ, ಬ್ಲೇಡು ಸವೆದರೆ ಎಲ್ಲಿ ಸಿಗುತ್ತದೆ, ಸಣ್ಣ ಕಾಯಿಗೆ ಹೊಂದಿಸಲು ಆಗುತ್ತದೆಯೇ, ಚಾಲಿ ಸುಲಿಯುತ್ತದೆಯೇ. ಕೊನೆಯದಕ್ಕೆ ಉತ್ತರ "ಇಲ್ಲ" ಎಂಬುದು. ಚಾಲಿ ಎಂದರೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿದ್ದು; ಅದರ ಸಿಪ್ಪೆ ಬಿಡಿಸುವ ಬಗೆಯೇ ಬೇರೆ, ಅದಕ್ಕೆ ಬೇರೆ ಯಂತ್ರ ಬೇಕು. ಕರಪತ್ರದಲ್ಲಿ ಈ "ಇಲ್ಲ" ಸ್ಪಷ್ಟವಾಗಿ ಅಚ್ಚಾಗಿರಬೇಕೆಂದು ನಾನು ಬಯಸಿದೆ, ಏಕೆಂದರೆ ಕರಾವಳಿಯ ಚಾಲಿ ಬೆಳೆಗಾರರು ಬಂದು, ತಪ್ಪು ತಿಳಿದು ಕೊಂಡರೆ ಆಗುವ ತೊಂದರೆಯನ್ನು ಯಾವ ಮಾರಾಟವೂ ತುಂಬಿಕೊಡುವುದಿಲ್ಲ. ವೇಗದ ಅಂಕಿಯನ್ನು "ಆರಿಸದ, ಅಂದೇ ಕೊಯ್ದ, ಸಿಪ್ಪೆ ಸಹಿತ ಹಸಿ ಅಡಿಕೆ: ಗಂಟೆಗೆ ಸುಮಾರು 110 ಕೆ.ಜಿ." ಎಂದು ಷರತ್ತುಗಳ ಸಮೇತ ಬರೆದೆವು.

ಕೊನೆಯ ಪುಟದಲ್ಲಿ ಒಂದು ಕ್ಯೂಆರ್ ಕೋಡ್. ಅದು ವಾಟ್ಸಾಪ್ ಸಂಭಾಷಣೆಯನ್ನು ತೆರೆಯುತ್ತದೆ. ವಿಳಾಸ `https://wa.me/` ಎಂದು ಆರಂಭವಾಗಿ, ಮುಂದೆ 91 ಮತ್ತು ಹತ್ತಂಕಿಯ ಸಂಖ್ಯೆ, ನಡುವೆ ಅಧಿಕ ಚಿಹ್ನೆಯಾಗಲಿ ಖಾಲಿ ಜಾಗವಾಗಲಿ ಇಲ್ಲ. ವಿಳಾಸ ಚಿಕ್ಕದಾದಷ್ಟೂ ಕೋಡಿನ ಚೌಕಗಳು ದೊಡ್ಡದಾಗುತ್ತವೆ, ಎರಡು ಸೆಂ.ಮೀ. ಕೋಡು ಮ್ಯಾಪ್‌ಲಿತೋ ಮೇಲೂ ಸುಲಭವಾಗಿ ಓದಿಸಿಕೊಳ್ಳುತ್ತದೆ. ಮೇಳದ ಜನಜಂಗುಳಿಯಲ್ಲಿ ಮೊಬೈಲ್ ಸಂಪರ್ಕ ನೆಚ್ಚುವಂತಿರುವುದಿಲ್ಲವಾದ್ದರಿಂದ, ಯಂತ್ರ ಓಡುವ ವೀಡಿಯೊವನ್ನು ಮಳಿಗೆಯ ಫೋನಿನಲ್ಲೇ ಉಳಿಸಿಟ್ಟುಕೊಂಡಿದ್ದೆವು. ಕೋಡು ಇರುವುದು ಮನೆಗೆ ಹೋದ ಮೇಲಿನ ಬಳಕೆಗೆ.

ಮುದ್ರಣದ ಹಂತದಲ್ಲಿ ಒಂದು ದೊಡ್ಡ ತಪ್ಪು ಸ್ವಲ್ಪದರಲ್ಲಿ ತಪ್ಪಿತು. ಕರಪತ್ರವನ್ನು ನಾನು ಯೂನಿಕೋಡ್ ಅಕ್ಷರಗಳಲ್ಲಿ ಸಿದ್ಧಪಡಿಸಿದ್ದೆ. ಮುದ್ರಣಾಲಯಕ್ಕೆ ಕಳುಹಿಸುವಾಗ ಅಕ್ಷರಗಳನ್ನೆಲ್ಲ ಆಕೃತಿಗಳಾಗಿ ಬದಲಿಸಿದ ಪಿ.ಡಿ.ಎಫ್. ಜೊತೆಗೆ, ಕೊನೆಯ ಗಳಿಗೆಯಲ್ಲಿ ಫೋನ್ ಸಂಖ್ಯೆ ಬದಲಿಸಬೇಕಾಗಿ ಬಂದರೆ ಇರಲಿ ಎಂದು ತಿದ್ದಬಹುದಾದ ಮೂಲ ಕಡತವನ್ನೂ ಕಳುಹಿಸಿದೆ. ಅದು ನನ್ನ ತಪ್ಪು. ಅವರು ಮೂಲ ಕಡತವನ್ನೇ ಹಳೆಯ ತಂತ್ರಾಂಶದಲ್ಲಿ ತೆರೆದರು. ಕನ್ನಡದ ಅಕ್ಷರ ಜೋಡಣೆ ತಿಳಿಯದ ಆ ತಂತ್ರಾಂಶ ಪ್ರತಿ ಒತ್ತಕ್ಷರವನ್ನೂ ಬಿಡಿಸಿಹಾಕಿತು. ಮಾದರಿ ಪ್ರತಿ ಕೈಗೆ ಬಂದಾಗ ಮೊದಲ ನೋಟಕ್ಕೆ ಎಲ್ಲ ಸರಿಯಾಗಿಯೇ ಕಂಡಿತು. ಮುಖಪುಟದ ಸಾಲು ಆಕೃತಿಯಾಗಿಯೇ ಇದ್ದುದರಿಂದ ಅದು ಕೆಟ್ಟಿರಲಿಲ್ಲ. ಒಳಪುಟದಲ್ಲಿ "ವರ್ಷ" ಎಂಬಲ್ಲಿ ಅರ್ಕಾವತ್ತು ಮಾಯವಾಗಿ, "ರ" ತಲೆಯ ಮೇಲೆ ಅರ್ಧಾಕ್ಷರದ ಗುರುತು ಹೊತ್ತು ನಿಂತು, ಪಕ್ಕದಲ್ಲಿ "ಷ" ಬೇರೆಯಾಗಿ ಕೂತಿತ್ತು. ಯಂತ್ರ, ವಿದ್ಯುತ್, ಕತ್ತರಿ ಎಲ್ಲವೂ ಹಾಗೆಯೇ. ಮುದ್ರಣಾಲಯದಲ್ಲಿ ಆ ಕೆಲಸ ಮಾಡಿದ ಹುಡುಗನಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಆದ್ದರಿಂದ ಅವನಿಗೆ ಅನುಮಾನವೇ ಬಂದಿರಲಿಲ್ಲ. ಎರಡು ಸಾವಿರ ಪ್ರತಿ ಅಚ್ಚಾಗಿಬಿಟ್ಟಿದ್ದರೆ ಮತ್ತೆ ಮುದ್ರಿಸಲು ಸಮಯವಿರಲಿಲ್ಲ. ಅಂದಿನಿಂದ ನಾನು ತಿದ್ದಬಹುದಾದ ಕಡತವನ್ನು ಯಾರಿಗೂ ಕೊಡುವುದಿಲ್ಲ. ಮಾದರಿ ಪ್ರತಿಯಲ್ಲಿ ನಾನು ಮೊದಲು ಹುಡುಕುವುದು ಅರ್ಕಾವತ್ತಿರುವ ಒಂದು ಪದವನ್ನು, ಆಮೇಲೆ ಎರಡು ಒತ್ತುಗಳು ಒಟ್ಟಿಗೆ ಬರುವ ಒಂದು ಪದವನ್ನು. ಇವೆರಡೂ ಸರಿಯಿದ್ದರೆ ಉಳಿದದ್ದೂ ಸಾಮಾನ್ಯವಾಗಿ ಸರಿಯಿರುತ್ತದೆ.

ಮೇಳದ ಮೊದಲ ದಿನ ಬೆಳಿಗ್ಗೆ ಯಂತ್ರದ ಮುಂದೆ ಸ್ಟೂಲಿನ ಮೇಲೆ ಮೂರು ಮೊರಗಳನ್ನಿಟ್ಟೆವು. ಒಂದರಲ್ಲಿ ಪೂರ್ತಿ ಸುಲಿದವು, ಎರಡನೆಯದರಲ್ಲಿ ಸಿಪ್ಪೆ ಉಳಿದವು, ಮೂರನೆಯದರಲ್ಲಿ ಪೆಟ್ಟಾದವು. ಯಂತ್ರವನ್ನು ಇಡೀ ದಿನ ಓಡಿಸದೆ ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಓಡಿಸುವುದು, ಬಂದದ್ದನ್ನು ಜನರೆದುರೇ ಮೂರು ಮೊರಗಳಿಗೆ ಹಂಚುವುದು ನಮ್ಮ ಕ್ರಮ. ಗೋಡೆಯ ಸಾಲು ಓದಿ ಬಂದ ತಿಪಟೂರಿನ ಕಡೆಯ ಹಿರಿಯರೊಬ್ಬರು ನಿಜವಾಗಿಯೂ ಕುಳಿತು ಎಣಿಸಿದರು. ನೂರರಲ್ಲಿ ನಾಲ್ಕು ಬಂತು. "ಮೂರು ಅಂದಿದ್ರಿ, ನಾಲ್ಕಿದೆ" ಎಂದು ತಲೆಯೆತ್ತಿದರು. ಮಾಲೀಕರು ನಾಲ್ಕನೆಯದನ್ನು ಕೈಗೆತ್ತಿಕೊಂಡು, ಅದು ಸಣ್ಣ ಕಾಯಿ ಏಕೆ ಅಡ್ಡ ತಿರುಗಿತೆಂದು ಬ್ಲೇಡಿನ ಅಂತರ ತೋರಿಸಿ ವಿವರಿಸತೊಡಗಿದಾಗ, ಸುತ್ತ ಹತ್ತು ಜನ ನಿಂತಿದ್ದರು.

ನಾವು ಎಣಿಸದ ತೊಂದರೆ ಎರಡನೆಯ ದಿನ ಮಧ್ಯಾಹ್ನ ಕಾಣಿಸಿಕೊಂಡಿತು. ಪೆಟ್ಟಿನ ಮೊರ ಬೇಗ ತುಂಬತೊಡಗಿತು. ಎಣಿಸಿದರೆ ನೂರಕ್ಕೆ ಎಂಟು, ಒಂಬತ್ತು. ಮೇಸ್ತ್ರಿ ಬ್ಲೇಡನ್ನು ಬಿಚ್ಚಿ ನೋಡಿದರು, ಏನೂ ಆಗಿರಲಿಲ್ಲ. ಕೊನೆಗೆ ಒಂದು ಕಾಯಿಯನ್ನು ಬೆರಳಲ್ಲಿ ಒತ್ತಿ ನೋಡಿ ಕಾರಣ ಹೇಳಿದರು. ಚೀಲದಲ್ಲಿ ಎರಡು ದಿನ ಬಿಸಿಗೆ ಕುಳಿತ ಕಾಯಿಯ ಸಿಪ್ಪೆ ಬಾಡಿ ಮೆತ್ತಗಾಗಿತ್ತು. ಬ್ಲೇಡು ಅದನ್ನು ಸೀಳದೆ ಎಳೆಯುತ್ತಿತ್ತು, ಎಳೆತಕ್ಕೆ ಒಳಗಿನ ಅಡಿಕೆ ಸರಿದು ಪೆಟ್ಟು ತಿನ್ನುತ್ತಿತ್ತು. ನಾಲ್ಕು ದಿನಕ್ಕೆಂದು ಒಟ್ಟಿಗೆ ತಂದದ್ದೇ ತಪ್ಪಾಗಿತ್ತು. ಆ ಸಂಜೆಯೇ ಊರಿಗೆ ಫೋನು ಮಾಡಿ, ರಾತ್ರಿ ಬಸ್ಸಿನಲ್ಲಿ ಹೊಸದಾಗಿ ಕೊಯ್ದ ಎರಡು ಚೀಲ ಕಾಯಿ ತರಿಸಿಕೊಂಡೆವು. ಮೂರನೆಯ ದಿನದಿಂದ ಮೊರಗಳು ಮೊದಲಿನಂತಾದವು. ಆ ಮಧ್ಯಾಹ್ನದ ಮಟ್ಟಿಗೆ ಬಾಡಿದ ಕಾಯಿಗಳನ್ನೇ ಒಂದು ಬುಟ್ಟಿಯಲ್ಲಿ ಮುಂದಿಟ್ಟು, ಕೊಯ್ದು ಎರಡು ದಿನವಾದ ಕಾಯಿಗೆ ಹೀಗಾಗುತ್ತದೆ ಎಂದು ಬಂದವರಿಗೆ ಹೇಳಿದೆವು. ಅದು ಕರಪತ್ರದಲ್ಲಿಯೂ ಇರಬೇಕಾಗಿದ್ದ ಮಾತು.

ಕರಪತ್ರವನ್ನು ಹಂಚುವ ರೀತಿಯನ್ನೂ ಎರಡನೆಯ ದಿನ ಬದಲಿಸಿದೆವು. ಮೊದಲ ದಿನ ಕಾರ್ಖಾನೆಯ ಹುಡುಗನೊಬ್ಬ ದಾರಿಯಲ್ಲಿ ನಿಂತು ಹೋಗುವವರಿಗೆಲ್ಲ ಕೊಟ್ಟಿದ್ದ. ಸಂಜೆ ನಮ್ಮ ಸಾಲಿನ ಕೊನೆಯಲ್ಲಿ ಅವೇ ಕಾಲಡಿ ಬಿದ್ದಿದ್ದವು. ಎರಡನೆಯ ದಿನದಿಂದ ಮೊರಕ್ಕೆ ಕೈಹಾಕಿದವರಿಗೆ, ಪ್ರಶ್ನೆ ಕೇಳಿದವರಿಗೆ ಮಾತ್ರ, ಅದೂ ಗೆರೆಯ ಮೇಲೆ ಏನಾದರೂ ಬರೆದೇ ಕೊಡುವುದೆಂದು ಮಾಡಿದೆವು. ಅವರ ಹೆಸರು, ಊರು, ತೋಟದ ವಿಸ್ತೀರ್ಣ, ಮನೆಯಲ್ಲಿರುವ ಕರೆಂಟಿನ ಬಗೆಯನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡೆವು. ತೋಟಗಳ ಫಸಲನ್ನು ಗುತ್ತಿಗೆ ಹಿಡಿಯುವ, ಚನ್ನಗಿರಿ ಕಡೆಯಿಂದ ಬಂದ ಇಬ್ಬರು ಖೇಣಿದಾರರಿಗೆ ಈ ಯಂತ್ರ ಸಾಲದೆಂದು ಮಾಲೀಕರೇ ಹೇಳಿ, ದೊಡ್ಡ ಯಂತ್ರಗಳಿದ್ದ ಮಳಿಗೆಯ ದಾರಿ ತೋರಿಸಿದರು. ಎರಡು ಸಾವಿರದಲ್ಲಿ ಏಳುನೂರರಷ್ಟು ಕರಪತ್ರಗಳು ಉಳಿದು ಶಿವಮೊಗ್ಗಕ್ಕೆ ವಾಪಸಾದವು. ಮೂರೂ ಬೋರ್ಡುಗಳು ಗಟ್ಟಿಯಾಗಿಯೇ ಉಳಿದವು, ಆದರೆ ಕೆಳಗಿನ ಅಂಚಿಗೆ ಅಡಿಕೆಯ ಕಲೆ ಹತ್ತಿತ್ತು. ಮುಂದಿನ ಸಲ ಒಂದು ಮೀಟರಿನ ಕೆಳಗೆ ಬಿಳಿಯ ಬದಲು ಕಂದು ಬಣ್ಣ ಹಾಕಬೇಕೆಂದು ಬರೆದಿಟ್ಟುಕೊಂಡಿದ್ದೇನೆ.

ಮೇಳ ಮುಗಿದು ಮೂರು ವಾರಗಳ ಮೇಲೆ ಉಳಿದ ಕೆಲಸದ ಲೆಕ್ಕಕ್ಕೆಂದು ಕಾರ್ಖಾನೆಗೆ ಹೋಗಿದ್ದೆ. ಫೋನು ಬಂತು, ಮಾಲೀಕರ ಪತ್ನಿ ಎತ್ತಿದರು. ಆ ಕಡೆಯವರು ಕರಪತ್ರವನ್ನು ಕೈಯಲ್ಲಿ ಹಿಡಿದು ಓದುತ್ತಿದ್ದರೆಂದು ಕಾಣುತ್ತದೆ. ಅವರು ಕೇಳಿದ್ದು ಕೆ.ಜಿ.ಯ ಬಗ್ಗೆ ಅಲ್ಲ, ಪೆಟ್ಟಿನ ಬಗ್ಗೆಯೂ ಅಲ್ಲ. ಯಂತ್ರ ನಡೆಸಲು ಎಷ್ಟು ಜನ ಬೇಕು, ಒಬ್ಬಳೇ ನಡೆಸಬಹುದೇ ಎಂದು ಒಬ್ಬ ಹೆಂಗಸು ಕೇಳುತ್ತಿದ್ದರು. "ಕಾಯಿ ಸುರಿಯೋಕೆ ಒಬ್ಬರು, ಸಿಪ್ಪೆ ತೆಗೆಯೋಕೆ ಇನ್ನೊಬ್ಬರಿದ್ರೆ ಒಳ್ಳೇದು ಅಮ್ಮಾ, ಒಬ್ಬರೇ ಆದ್ರೆ ನಿಧಾನ ಆಗತ್ತೆ ಅಷ್ಟೇ" ಎಂದು ಉತ್ತರಿಸಿ ಅವರು ನೋಟ್‌ಬುಕ್ಕನ್ನು ನನ್ನ ಕಡೆಗೆ ತಿರುಗಿಸಿದರು. ಮೇಳದಿಂದೀಚೆಗೆ ಅದೇ ಪ್ರಶ್ನೆ ಒಂಬತ್ತು ಸಲ ಬಂದಿತ್ತು. ಎರಡನೆಯ ಮುದ್ರಣದ ಒಳಪುಟದಲ್ಲಿ, ಬ್ಲೇಡಿನ ಸಾಲಿನ ಮೇಲೆ, ಅದಕ್ಕೆ ಜಾಗ ಮಾಡಿದ್ದೇನೆ.